ನಾಯಿಯ ಹಾಡು ನಾಯಿಯ ಮೂಗಿನಿಂದ ಹುಟ್ಟಲಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ನನ್ನ ಎಳೆಯ ಗೆಳೆಯ ಗೆಳತಿಯರೇ, ನಿಮ್ಮಲ್ಲಿ ಕೆಲವರು ಅಂಗನವಾಡಿಯಲ್ಲಿ ಪಾಠ ಹೇಳುತ್ತೀರಿ, ಕೆಲವರು ತಮ್ಮ ತಂಗಿಯರಿಗೆಂದು ಹಾಡು ಕಟ್ಟುತ್ತೀರಿ. ಮನೆಯ ನಾಯಿಯೇ ಹಾಡುವಂಥ ಪದ್ಯ ಬರೆಯಬೇಕು ಎಂದು ಆಸೆಪಡುವವರಿಗೆ ನನ್ನದೊಂದು ಕಿವಿಮಾತಿದೆ. ಸಾವಧಾನವಾಗಿ ಕೇಳಿ.

ನಾಯಿಮರಿಗೆ ಮಾತು ಕೊಟ್ಟ ಪದ್ಯ ಕನ್ನಡದ ಮಕ್ಕಳಿಗೆ ಹೊಸದಲ್ಲ. ಜಿ. ಪಿ. ರಾಜರತ್ನಂ ಅವರ ನಾಯಿಮರಿ ಪದ್ಯ ಗೊತ್ತಿಲ್ಲದ ಮನೆ ಅಪರೂಪ. ಅಲ್ಲಿ ಮಗು ಕೇಳುತ್ತದೆ, ಮರಿ ಉತ್ತರ ಕೊಡುತ್ತದೆ. ತಿಂಡಿ ಏಕೆ ಬೇಕು, ಕಳ್ಳ ಬಂದರೆ ಏನು ಮಾಡುತ್ತೀಯ ಎಂಬ ಪ್ರಶ್ನೆಗಳೆಲ್ಲ ಮನುಷ್ಯರವು, ಮರಿ ಅವುಗಳಿಗೆ ತಕ್ಕ ಜವಾಬು ಹೇಳುತ್ತದೆ. ಸಂಭಾಷಣೆಗೆ ಅದು ಸರಿಯಾದ ಕಟ್ಟು. ನೀವು ಬರೆಯಹೊರಟಿರುವುದು ಬೇರೆ. ಪ್ರಶ್ನೆ ಕೇಳುವವರು ಇಲ್ಲದೆ ನಾಯಿ ತಾನಾಗಿಯೇ ಬಾಯಿ ಬಿಟ್ಟರೆ ಮೊದಲು ಏನನ್ನು ಹೇಳೀತು? ಹಾಡು ಗೆಲ್ಲುವುದೂ ಸೋಲುವುದೂ ಅಲ್ಲೇ.

ಹೊಸಬರು ಸಾಮಾನ್ಯವಾಗಿ ಬರೆಯುವುದು ಹೀಗಿರುತ್ತದೆ:

ನೀತಿವಂತ ನಾಯಿ ನಾನು
ಮನೆಯ ಕಾಯುವೆ
ಕೆಂಪು ಚೀಲ ಹೊತ್ತು ಬರಲು
ದೂರ ನೋಡುವೆ

ತಾಳದಲ್ಲಿ ತಪ್ಪಿಲ್ಲ, ಪ್ರಾಸವೂ ಕೂಡಿದೆ. ಆದರೆ ಇಲ್ಲಿ ಮಾತಾಡುತ್ತಿರುವುದು ನಾಯಿಯಲ್ಲ, ನಾಯಿಯ ಮರೆಯಲ್ಲಿ ನಿಂತ ಮೇಷ್ಟ್ರು. ನೀತಿ ಎಂಬುದು ನಾವು ಅದಕ್ಕೆ ಕೊಟ್ಟ ಬಿರುದು, ಅದು ತನ್ನನ್ನು ತಾನು ಹಾಗೆ ಹೊಗಳಿಕೊಳ್ಳುವುದಿಲ್ಲ. ಇನ್ನು ಕೆಂಪು ಚೀಲ. ನಾಯಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು ಅದಕ್ಕೆ ಮಂಕಾದ ಕಂದಿನ ಹಾಗೆ ಕಾಣುತ್ತದೆ, ಹಸಿರು ಹುಲ್ಲಿನಿಂದ ಅದನ್ನು ಬೇರೆ ಮಾಡಿ ನೋಡುವುದು ಕಷ್ಟ. ದೂರದ ವಸ್ತು ನಮಗೆ ಕಾಣುವಷ್ಟು ಸ್ಪಷ್ಟವಾಗಿ ಅದಕ್ಕೆ ಕಾಣುವುದೂ ಇಲ್ಲ. ಅಂದಮೇಲೆ ಶಾಲೆಯಿಂದ ಬರುವ ಮಗುವನ್ನು ಅದು ಚೀಲದ ಬಣ್ಣದಿಂದ ಗುರುತಿಸುವ ಮಾತೇ ಇಲ್ಲ.

ಹಾಗಾದರೆ ಯಾವುದರಿಂದ ಗುರುತಿಸುತ್ತದೆ? ಕಿವಿಯಿಂದ, ಆಮೇಲೆ ಮೂಗಿನಿಂದ. ಮನುಷ್ಯರಿಗೆ ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು ಕೇಳಿದರೆ ನಾಯಿಗೆ ಸುಮಾರು 45,000ದವರೆಗೂ ಕೇಳುತ್ತದೆ. ನಾವು ಗಮನಿಸದ ಸಣ್ಣ ಸದ್ದೂ ಅದಕ್ಕೆ ಮುಟ್ಟುತ್ತದೆ. ಮನೆಯವರ ನಡಿಗೆ ಯಾವುದು, ಹೊರಗಿನವರದು ಯಾವುದು ಎಂಬುದನ್ನು ಅದು ರೂಢಿಯಿಂದ ಕಲಿತಿರುತ್ತದೆ. ಮಗು ಹತ್ತಿರ ಬಂದಾಗ ಚೀಲ, ಕೈ, ಬಾಯಿ ಎಲ್ಲವನ್ನೂ ಮೂಸಿ ನೋಡುತ್ತದೆ. ಇಡೀ ದಿನದ ಸುದ್ದಿ ಅದಕ್ಕೆ ಅಲ್ಲಿ ಸಿಗುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅದೇ ತಾಳದಲ್ಲಿ ಮತ್ತೆ ಕಟ್ಟೋಣ. ಮನೆ ಮುಳಬಾಗಿಲಿನದು, ನಾಯಿಯ ಹೆಸರು ಕರಿಯ.

ಗೇಟು ಕಿರ್ರು ಎನುವ ಮುನ್ನ
ಬಾಲ ಕುಣಿಯಿತು
ನಿನ್ನ ಕಾಲ ಸದ್ದು ನನ್ನ
ಕಿವಿಗೆ ತಿಳಿಯಿತು

ಚೀಲದೊಳಗೆ ಖಾಲಿ ಡಬ್ಬಿ
ಮೂಗು ಹೇಳಿತು
ತಿಂದ ದೋಸೆ ತುಪ್ಪ ವಾಸ್ನೆ
ಅಲ್ಲೆ ಉಳಿಯಿತು

ಕರಿಯ ಇಲ್ಲಿ ತನ್ನನ್ನು ಹೊಗಳಿಕೊಂಡಿಲ್ಲ. ಡಬ್ಬಿ ಖಾಲಿ ಎಂದು ಮಗುವಿಗೆ ಗೊತ್ತು, ಅದರಲ್ಲಿ ದೋಸೆ ಇನ್ನೂ ಇದೆ ಎಂದು ನಾಯಿಯ ಮೂಗಿಗೆ ಗೊತ್ತು. ಈ ವ್ಯತ್ಯಾಸ ಕೇಳಿದ ಮಗು ತಾನೂ ಡಬ್ಬಿ ತೆರೆದು ಮೂಸಿ ನೋಡುತ್ತದೆ. ಶ್ರೀನಿವಾಸಪುರದ ತೋಟದ ಮನೆಯವರು ದೋಸೆಯ ಜಾಗದಲ್ಲಿ ಮಾವನ್ನು ತನ್ನಿ. ಹಣ್ಣಿನ ಬಣ್ಣವನ್ನು ಮಾತ್ರ ಹೇಳಬೇಡಿ. ಒಣಗಿದ ಎಲೆಯ ಮೇಲೆ ಅದು ದೊಪ್ಪನೆ ಬಿದ್ದ ಸದ್ದನ್ನು, ಹುಲ್ಲಿನಲ್ಲಿ ಕೊಳೆತಾಗ ಬರುವ ಹುಳಿ ವಾಸನೆಯನ್ನು ಹೇಳಿ. ಮಾಲೂರಿನವರಿಗೆ ಇಟ್ಟಿಗೆ ಗೂಡಿನ ಹೊಗೆ ಇದೆ, ಬಿಸಿ ಮಣ್ಣಿದೆ. ನಾಯಿಯ ಮೂಗು ನೆಲಕ್ಕೆ ಎಷ್ಟು ಹತ್ತಿರವಿರುತ್ತದೋ ನಿಮ್ಮ ಸಾಲೂ ಅಷ್ಟೇ ತಗ್ಗಿನಲ್ಲಿರಲಿ.

ಈಗ ತಾಳದ ಮಾತು. ಮೇಲಿನ ಸಾಲುಗಳು ಮೂರು ಮೂರು ಮಾತ್ರೆಯ ಗಣಗಳಲ್ಲಿ ನಡೆಯುತ್ತವೆ. ಗೇಟು, ಕಿರ್ರು, ಎನುವ, ಮುನ್ನ ಎಂದು ಪ್ರತಿ ಗಣದ ಮೊದಲಿಗೆ ಒಂದು ಚಪ್ಪಾಳೆ ಹಾಕಿ ನೋಡಿ. ಉದ್ದ ಸಾಲಿಗೆ ನಾಲ್ಕು ಚಪ್ಪಾಳೆ. ಗಿಡ್ಡ ಸಾಲಿಗೆ ಮೂರು, ಕೊನೆಯ ಅಕ್ಷರವನ್ನು ಎಳೆದು ಉಸಿರು ತೆಗೆದುಕೊಳ್ಳಬೇಕು. ನಾಲ್ಕೈದು ವರ್ಷದ ಮಗುವಿಗೆ ಆ ಬಿಡುವು ಬೇಕೇ ಬೇಕು. ಎಲ್ಲ ಸಾಲನ್ನೂ ಉದ್ದ ಮಾಡಿದರೆ ಎರಡನೆಯ ಸಾಲಿಗೇ ಮಗು ಏದುಸಿರು ಬಿಡುತ್ತದೆ.

ಹೆಚ್ಚಿನವರು ಎಡವುವುದು ಬೊಗಳಿಕೆಯಲ್ಲಿ. ನಾಯಿಯ ಹಾಡು ಎಂದರೆ ಬೌ ಬೌ ಇರಲೇಬೇಕು ಎಂದು ಎಲ್ಲಿಯಾದರೂ ತುರುಕುತ್ತಾರೆ. ಒಂದು ಬೌ ಅಂದರೆ ಎರಡು ಮಾತ್ರೆ, ಎರಡು ಬೌ ಸೇರಿದರೆ ನಾಲ್ಕು. ಮೂರರ ನಡೆಯಲ್ಲಿ ಅದು ಕಾಲಿಗೆ ಸಿಕ್ಕಿ ಬೀಳುತ್ತದೆ. ಚಪ್ಪಾಳೆ ಹಾಕುತ್ತಾ ಹಾಡುವ ಮಗು ಒಂದು ಕಡೆ ಕೈ ತಡೆದರೆ ಅಲ್ಲಿ ಮಾತ್ರೆ ಹೆಚ್ಚುಕಡಿಮೆಯಾಗಿದೆ ಎಂದು ತಿಳಿಯಿರಿ. ಗುರ್ರು, ಬೌವು, ಕುಂಯಿ ಎಂದರೆ ಮೂರಕ್ಕೆ ಸರಿಹೋಗುತ್ತವೆ. ನಾಯಿಯನ್ನು ಕರೆಯುವ ಮಾತಿಗೂ ಇದೇ ಲೆಕ್ಕ. ನಮ್ಮ ಕಡೆ ಒಂದೇ ಮನೆಯಲ್ಲಿ ಅಜ್ಜ ‘ಬಾ’ ಅಂದರೆ ಅಜ್ಜಿ ತೆಲುಗಿನಲ್ಲಿ ‘ರಾ’ ಅನ್ನುತ್ತಾರೆ. ಎರಡೂ ಎರಡೆರಡು ಮಾತ್ರೆ. ‘ಬಾರೊ’, ‘ರಾರ’ ಅಂದರೆ ಮೂರಾಗಿ ತಾಳಕ್ಕೆ ಕೂರುತ್ತವೆ. ಎರಡನ್ನೂ ಪಲ್ಲವಿಗೆ ತನ್ನಿ, ನಾಯಿ ಎರಡಕ್ಕೂ ಓಡಿಬರುತ್ತದೆ.

ಒಂದು ಎಚ್ಚರಿಕೆಯನ್ನು ನಾನು ಕೈ ಹಿಡಿದು ಹೇಳಬೇಕು. ಹಾಡಿನ ನಾಯಿ ಯಾವಾಗಲೂ ನಗುತ್ತಾ ಬಾಲ ಆಡಿಸುತ್ತಿದ್ದರೆ, ಯಾವ ನಾಯಿಯನ್ನು ಯಾವಾಗ ಬೇಕಾದರೂ ತಬ್ಬಿಕೊಳ್ಳಬಹುದು ಎಂದು ಮಗು ನಂಬಿಬಿಡುತ್ತದೆ. ಬಾಲ ಆಡಿದ ಮಾತ್ರಕ್ಕೆ ಖುಷಿ ಎಂದಲ್ಲ. ಮೈ ಬಿಗಿದು, ಬಾಲ ಮೇಲೆತ್ತಿ ಗಡುಸಾಗಿ ಅಲ್ಲಾಡಿಸಿದರೆ ಅದು ಎಚ್ಚರದ ಗುರುತು. ತಟ್ಟೆಯ ಮೇಲೆ ಬಾಗಿ ತಿನ್ನುತ್ತಿದ್ದುದು ಥಟ್ಟನೆ ನಿಂತು ಕಲ್ಲಿನಂತಾದರೆ, ಮೆಲ್ಲಗೆ ಗುರುಗುಟ್ಟಿದರೆ, ಅದು ಹತ್ತಿರ ಬರಬೇಡ ಎನ್ನುತ್ತಿದೆ. ದೊಡ್ಡವರು ಹೇಳಿದರೆ ಮಗು ಮರೆಯುತ್ತದೆ, ಕರಿಯ ಹೇಳಿದರೆ ಮರೆಯುವುದಿಲ್ಲ. ಅದಕ್ಕೇ ಮೂರನೆಯ ನುಡಿ ಹೀಗಿದೆ:

ಹಾಲು ಮುದ್ದೆ ತಿನ್ನುವಾಗ
ದೂರ ನಿಲ್ಲು ನೀ
ತಿಂದ ಮೇಲೆ ನಾನೆ ಬರುವೆ
ಚೆಂಡು ತೋರು ನೀ

ಇದರಲ್ಲಿ ಬೆದರಿಕೆಯಿಲ್ಲ, ಬುದ್ಧಿವಾದವೂ ಇಲ್ಲ. ನಾಯಿ ತನಗೆ ಏನು ಬೇಕು ಎಂದು ಹೇಳಿ ಆಟಕ್ಕೂ ಕರೆದಿದೆ. ಆದರೂ ಹಾಡಿನ ಮೇಲೆ ಎಲ್ಲ ಭಾರ ಹೊರಿಸಬೇಡಿ. ಪುಟ್ಟ ಮಕ್ಕಳು ನಾಯಿಯ ಜೊತೆ ಇರುವಾಗ ದೊಡ್ಡವರೊಬ್ಬರು ಹತ್ತಿರ ಇರಲೇಬೇಕು. ಹಲ್ಲು ತಾಗಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚುಚ್ಚುಮದ್ದು ಹಾಕಿಸಿ.

ಮೂರು ನುಡಿ ಸಾಕು, ಹೆಚ್ಚು ಬೆಳೆಸಬೇಡಿ. ಬರೆಯುವ ಮೊದಲು ಒಂದು ಸಂಜೆ ನಿಮ್ಮ ನಾಯಿಯ ಪಕ್ಕ ನೆಲದ ಮೇಲೆ ಕೂತು, ಅದರ ಕಿವಿ ಯಾವ ಸದ್ದಿಗೆ ನಿಮಿರಿತು, ಮೂಗು ಎತ್ತ ತಿರುಗಿತು ಎಂದು ಗಮನಿಸಿ. ಕಂಡಿದ್ದನ್ನಷ್ಟೇ ಬರೆಯಿರಿ. ಆಮೇಲೆ ಹಾಡನ್ನು ಮಕ್ಕಳ ಮುಂದೆ ಹಾಡಿ. ‘ನಮ್ಮ ನಾಯಿ ಹಾಗೆ ಮಾಡಲ್ಲ’ ಎಂದು ಒಂದು ಮಗು ಅಂದರೆ ಅದರ ಜೊತೆ ವಾದಕ್ಕೆ ನಿಲ್ಲದೆ, ಅವರ ನಾಯಿ ಏನು ಮಾಡುತ್ತದೆ ಎಂದು ಕೇಳಿ ಆ ಸಾಲನ್ನು ತಿದ್ದಿಕೊಳ್ಳಿ.