ಹಲ್ಲು ಬೆಳ್ಳಗೆ ಮಾಡಿಸುವ ಮುನ್ನ

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆಗೆ ಎಷ್ಟೋ ಸಲ ನೀರಿನ ಫ್ಲೋರೈಡೇ ಕಾರಣ. ಬಾಲ್ಯದಲ್ಲಿ ಎನಾಮಲ್ ಕಟ್ಟುವಾಗಲೇ ಆದ ದೋಷವದು, ಪುಡಿ ಹಾಕಿ ಎಷ್ಟು ಉಜ್ಜಿದರೂ ಹೋಗದು. ಕನ್ನಡಿಯಲ್ಲಿ ನೋಡಿಕೊಳ್ಳಿ: ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತರಹದ ಸುಣ್ಣಬಿಳಿ ಗೆರೆ, ನಡುವೆ ಕಂದು ಇದ್ದರೆ ಅದು ಫ್ಲೋರೋಸಿಸ್ ಇರಬೇಕು.

ಇಪ್ಪತ್ತರ ಹುಡುಗನ ಮುಂದಿನ ಹಲ್ಲುಗಳಲ್ಲಿ ಕಂದು ಕಲೆಯಿದೆ, ಮೇಲ್ಮೈ ನುಣುಪಾಗಿದೆ ಎನ್ನಿ. ಅವನಿಗೆ ವೆನೀರ್ ಬೇಡ. ವೈದ್ಯರು ಆಮ್ಲ ಬೆರೆಸಿದ ಪೇಸ್ಟಿನಿಂದ ಎನಾಮಲ್‌ನ ತೆಳು ಪದರ ತೀಡಿ, ಆಮೇಲೆ ಕೆಲವು ವಾರ ರಾತ್ರಿ ಹೊತ್ತು ಬ್ಲೀಚ್ ಟ್ರೇ ಹಾಕಿಸಿದರೆ ಕಂದು ಸಾಕಷ್ಟು ತಿಳಿಯಾಗುತ್ತದೆ. ಮೊದಮೊದಲು ಬಿಳಿ ಮಚ್ಚೆಗಳು ಇನ್ನಷ್ಟು ಎದ್ದು ಕಾಣಬಹುದು, ಗಾಬರಿಯಾಗಬೇಡಿ. ಹಲ್ಲಿನಲ್ಲಿ ಗುಳಿ ಬಿದ್ದಿದ್ದರೆ ಬ್ಲೀಚ್ ಕೆಲಸಕ್ಕೆ ಬಾರದು, ಆಗ ವೆನೀರ್ ಸರಿ. ಆದರೆ ಅದಕ್ಕೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ಹಲ್ಲು ಕೊರೆಯುತ್ತಾರೆ. ಕೊರೆದದ್ದು ಮರಳಿ ಬಾರದು, ವೆನೀರೂ ಕೆಲವು ವರ್ಷಕ್ಕೆ ಬದಲಿಸಬೇಕಾದದ್ದೇ.

ಒಂದೇ ಹಲ್ಲು ಕಪ್ಪಿಟ್ಟಿದ್ದರೆ ಹಳೆಯ ಪೆಟ್ಟು ನೆನಪಿಸಿಕೊಳ್ಳಿ. ಮೊದಲು ಎಕ್ಸ್‌ರೇ, ನರ ಸತ್ತಿದ್ದರೆ ರೂಟ್ ಕೆನಾಲ್ ಮಾಡಿ ಒಳಗಿನಿಂದಲೇ ಬ್ಲೀಚ್ ಮಾಡುತ್ತಾರೆ. ಎಳವೆಯಲ್ಲಿ ಟೆಟ್ರಾಸೈಕ್ಲಿನ್ ತಿಂದವರ ಅಡ್ಡಡ್ಡ ಬೂದು ಪಟ್ಟೆ ಹಠಮಾರಿ, ಬ್ಲೀಚಿಗೆ ತಿಂಗಳುಗಟ್ಟಲೆ ಬೇಕು. ಕಡುಬೂದಿಗೆ ದಪ್ಪ ವೆನೀರೇ ಗತಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುದಿಸಿ ಫಲವಿಲ್ಲ: ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ.