ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಮುನ್ನ

ಬೊಮ್ಮಸಂದ್ರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ ನಾಲ್ಕು ವಾರ ತನ್ನ ಡ್ಯೂಟಿಯನ್ನು ತಾನೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಬಂದ ಹೊತ್ತು, ಊಟದ ಬಿಡುವು, ಹೊರಟ ಹೊತ್ತು, ಅಷ್ಟೇ. ದುಡಿದ 24 ದಿನಗಳಲ್ಲಿ 18 ದಿನ ಅವಳಿಗೇ ಕ್ಲೋಸಿಂಗ್. ಮೇಲ್ವಿಚಾರಕನಿಗೆ ಬೇಕಾದವರಿಗೆಲ್ಲ ಬೆಳಗಿನ ಶಿಫ್ಟ್.

ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಕ್ಲೋಸಿಂಗ್ ಎಂದರೆ ಮಧ್ಯಾಹ್ನ 12ರಿಂದ ರಾತ್ರಿ 9. ಆದರೆ ಶಟರ್ ಎಳೆದ ಮೇಲೆ ಬಟ್ಟೆ ಮಡಚಿ, ಬಿಲ್ ತಾಳೆ ನೋಡಿ ಹೊರಡುವಾಗ ಹತ್ತೂವರೆ. ಒಂದು ಗಂಟೆ ಬಿಡುವು ಕಳೆದರೆ ಒಂಬತ್ತೂವರೆ ಗಂಟೆ ದುಡಿಮೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆ ಮಿತಿ. ಮೀರಿದ್ದಕ್ಕೆ ಎರಡರಷ್ಟು ದರದ ಕೂಲಿ. ಇವಳ ಸಂಬಳ 20,800 ರೂಪಾಯಿ; 26 ದಿನ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ 100. ವಾರದ 48 ಗಂಟೆಯನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ 8; ಅದರ ಮೇಲೆ ಹದಿನೆಂಟು ದಿನದ ಒಂದೂವರೆ ಗಂಟೆ ಸೇರಿ 27 ಗಂಟೆ, ಅಂದರೆ 5,400 ರೂಪಾಯಿ ಓಟಿ ಬರಬೇಕಿತ್ತು. ಬಂದದ್ದು ಸೊನ್ನೆ. ಸದಾ ಒಬ್ಬರಿಗೇ ಕ್ಲೋಸಿಂಗ್ ಹಾಕುವುದು ಅನ್ಯಾಯವೇ, ಆದರೆ ಅದೊಂದನ್ನೇ ಹಿಡಿದು ಹೋದರೆ ದೂರು ನಿಲ್ಲುವುದು ಕಷ್ಟ. ಗಂಟೆಗಳ ಲೆಕ್ಕ ಹಿಡಿದು ಹೋಗಿ.

ಇನ್ನು ಜನ ಮುಳುಗುವ ಜಾಗ. ಅಂಗಡಿಯ ಹಾಜರಿ ಪುಸ್ತಕದಲ್ಲಿ "9.00" ಎಂದು ಮೊದಲೇ ಬರೆದಿರುತ್ತಾರೆ, ತಿಂಗಳ ಕೊನೆಗೆ ಸಾಲಾಗಿ ಸಹಿ ಹಾಕಿಸಿಕೊಳ್ಳುತ್ತಾರೆ. ಇವಳೂ ಹಿಂದಿನ ತಿಂಗಳುಗಳಲ್ಲಿ ಹಾಕಿದ್ದಳು. ವಿಚಾರಣೆಯಲ್ಲಿ ಮಾಲೀಕ ಮೊದಲು ತೆಗೆದು ತೋರಿಸುವುದೇ ಆ ಸಹಿ. ಓಟಿ ಕೇಳಿ ಬರಿಗೈಯಲ್ಲಿ ಹಿಂದಿರುಗಿದ ಎಷ್ಟೋ ಕಕ್ಷಿದಾರರು ಸೋತಿರುವುದು ಇಲ್ಲೇ. ಸಹಿ ಹಾಕದಿದ್ದರೆ ಸಂಬಳವಿಲ್ಲ ಎಂದರೆ ಪಕ್ಕದಲ್ಲಿ ನಿಜವಾದ ಸಮಯ ಬರೆದು ಸಹಿ ಮಾಡಿ. ಅದಕ್ಕೂ ಬಿಡದಿದ್ದರೆ ಅದೇ ರಾತ್ರಿ ಮೇಲ್ವಿಚಾರಕನಿಗೆ "ಈಗ 10.30ಕ್ಕೆ ಹೊರಟೆ" ಎಂದು ವಾಟ್ಸಾಪ್ ಹಾಕಿ. ನೋಟ್‌ಬುಕ್ಕನ್ನು ಆಯಾ ದಿನವೇ ಬರೆಯಬೇಕು; ಒಂದೇ ಪೆನ್ನಿನಲ್ಲಿ ಒಂದೇ ದಿನ ಕೂತು ಬರೆದದ್ದು ನೋಡಿದವರಿಗೆ ಗೊತ್ತಾಗುತ್ತದೆ. ಗೋಡೆಯ ಪಟ್ಟಿಯ ಫೋಟೋ ಪ್ರತಿ ವಾರ ಇರಲಿ, ಬದಲಾದ ಮೇಲೆ ಸಿಗುವುದಿಲ್ಲ.

ದೂರು ಕೊಡುವುದು ಆನೇಕಲ್ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದರೆ ಸಾಕು. ಬಾಗಿಲಲ್ಲಿ "ನಾನು ಮಾಡಿಸಿಕೊಡ್ತೀನಿ" ಎನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಒಳಗೆ "ಮಾಲೀಕರ ಹತ್ರ ಮಾತಾಡ್ಕೊಳ್ಳಮ್ಮ" ಎಂದು ಸಾಗಹಾಕುವವರೂ ಇದ್ದಾರೆ. ಸಹಾಯ ಕೇಳಿ ಬಂದ ಹೆಣ್ಣುಮಗಳನ್ನು ಮತ್ತೆ ಅದೇ ಮಾಲೀಕನೆದುರು ನಿಲ್ಲಿಸುವುದು ನಿರೀಕ್ಷಕರ ಕೆಲಸವಲ್ಲ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕದಲಬೇಡಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಒಂದು ವಿನಾಯಿತಿ ಇದೆ. ಆಡಳಿತ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸದು. ಅದಕ್ಕೇ ಕೆಲವರು ಬಟ್ಟೆ ಮಡಚುವ ಹುಡುಗಿಗೂ "ಫ್ಲೋರ್ ಮ್ಯಾನೇಜರ್" ಎಂದು ಕಾಗದ ಕೊಡುತ್ತಾರೆ. ಹೆದರಬೇಡಿ, ನೋಡುವುದು ನೀವು ಮಾಡುವ ಕೆಲಸವನ್ನು. ಆದರೆ ಈ ತಿಂಗಳ ಪುಸ್ತಕ ನಿಮ್ಮ ಮುಂದೆ ಬಂದಾಗ, ಸಮಯದ ಕಾಲಂ ಓದಿ ಆಮೇಲೆ ಪೆನ್ನು ಹಿಡಿಯಿರಿ.