ಅಂಗಡಿಯ ಲೆಕ್ಕ: ಶೇಕಡಾ 25, ಆದರೆ ಯಾವುದರ ಮೇಲೆ?



ಕಬ್ಬಿನ ಜೊತೆಗೆ ಅರಿಷಿಣ ಬೆಳೆಯುವ ನಮ್ಮ ಭಾಗದಲ್ಲಿ, ಸಾಂಗಲಿ ಪೇಟೆಯಲ್ಲಿ ಅರಿಷಿಣ ಕೊಂಡು ಬೀಸಿಸಿ, ಮಿರಜದಲ್ಲಿ ಪುಡಿಯ ಅಂಗಡಿ ಇಡುವವರುಂಟು. ವ್ಯಾಪಾರ ನಡೆದರೂ ಕೈಯಲ್ಲಿ ಹಣ ಉಳಿಯದಿದ್ದರೆ, ಮೊದಲು ಬೆಲೆ ಕಟ್ಟಿದ ರೀತಿಯನ್ನು ನೋಡಬೇಕು.

ಕಬ್ಬಿನ ರಿಕವರಿ ಶೇಕಡಾ 11 ಎಂದರೆ 100 ಕಿಲೋ ಕಬ್ಬಿಗೆ 11 ಕಿಲೋ ಸಕ್ಕರೆ ಎಂದು ನೀವು ಬಲ್ಲಿರಿ. ಅದೇ ಸಕ್ಕರೆಯನ್ನು ರಸದ ತೂಕಕ್ಕೆ ಹೋಲಿಸಿದರೆ ಶೇಕಡಾ ಬೇರೆಯಾಗುತ್ತದೆ. ಅಂಗಡಿಯ ಲಾಭವೂ ಹಾಗೆಯೇ. ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಮಾರ್ಕಪ್, ಮಾರಾಟದ ಬೆಲೆಯ ಮೇಲೆ ಹಾಕಿದರೆ ಮಾರ್ಜಿನ್.

ಒಂದು ಉದಾಹರಣೆ ನೋಡೋಣ. ಖರೀದಿ, ಹಮಾಲಿ, ಬೀಸುವ ಕೂಲಿ, ತೂಕದ ಕೊರತೆ, ಚೀಲ ಎಲ್ಲ ಸೇರಿ ಒಂದು ಕಿಲೋ ಪುಡಿಯ ಅಸಲು 240 ರೂಪಾಯಿ ಎನ್ನಿ. (ತೆರಿಗೆ ಬಿಟ್ಟು, ತಿಳಿವಳಿಕೆಗಾಗಿ ಹಿಡಿದ ಅಂಕಿ.) ತಿಂಗಳಿಗೆ 1,00,000 ರೂಪಾಯಿ ಮಾರಾಟ. ಬಾಡಿಗೆ, ಲೈಟ್ ಬಿಲ್ಲು, ಆಳಿನ ಪಗಾರಕ್ಕೆ 20,000 ಬೇಕು. ಮನೆಗೆ 5,000 ಉಳಿಯಬೇಕು. ಒಟ್ಟು 25,000, ಅಂದರೆ ಮಾರಾಟದ ಶೇಕಡಾ 25.

ಅಂಗಡಿಯವರು 240ಕ್ಕೆ ಶೇಕಡಾ 25, ಅಂದರೆ 60 ರೂಪಾಯಿ ಸೇರಿಸಿ 300ಕ್ಕೆ ಮಾರುತ್ತಾರೆ. ತಪ್ಪಾಗುವುದು ಇಲ್ಲಿಯೇ. 300ರಲ್ಲಿ 60 ಎಂದರೆ ಶೇಕಡಾ 20 ಮಾತ್ರ. ಲಕ್ಷದ ಮಾರಾಟದಲ್ಲಿ 80,000 ಅಸಲಿಗೆ ಹೋಗುತ್ತದೆ. ಉಳಿದ 20,000 ಖರ್ಚಿಗೆ ಸರಿಹೋಗುತ್ತದೆ. ಮನೆಗೆ ಏನೂ ಇಲ್ಲ.

ಸರಿಯಾದ ರೀತಿ ಹೀಗಿದೆ. ಮಾರಾಟದ 100ರಲ್ಲಿ 25 ನಮಗೆ ಬೇಕಾದರೆ ಅಸಲು 75 ಆಗಬೇಕು. ಆದ್ದರಿಂದ 240ನ್ನು 75ರಿಂದ ಭಾಗಿಸಿ 100ರಿಂದ ಗುಣಿಸಿರಿ: 320 ರೂಪಾಯಿ. ಅಸಲಿನ ಮೇಲೆ ಏರಿಸಿದ್ದು 80, ಅಂದರೆ ಮೂರನೆಯ ಒಂದು ಪಾಲು. ಇದೇ ರೀತಿ ಶೇಕಡಾ 20 ಮಾರ್ಜಿನ್ ಬೇಕಿದ್ದರೆ ಅಸಲಿಗೆ ಶೇಕಡಾ 25 ಸೇರಿಸಬೇಕು.

ರಿಯಾಯಿತಿ ಕೊಡುವಾಗಲೂ ಎಚ್ಚರ ಬೇಕು. ಶೇಕಡಾ 25 ಏರಿಸಿದ 300ರ ಬೆಲೆಯಲ್ಲಿ ಗಿರಾಕಿಗೆ ಶೇಕಡಾ 20 ಬಿಟ್ಟರೆ, ಇನ್ನೂ 5 ಉಳಿಯಿತೆಂದು ತಿಳಿಯಬೇಡಿರಿ. ಬಂದದ್ದು 240, ಬರೀ ಅಸಲು.

ಆದರೆ 320ಕ್ಕೆ ಗಿರಾಕಿ ಒಪ್ಪುವನೇ ಎಂಬುದನ್ನು ಪೇಟೆಯೇ ಹೇಳಬೇಕು. ಪಕ್ಕದ ಅಂಗಡಿಯಲ್ಲಿ ಅದೇ ಗುಣದ ಪುಡಿ 300ಕ್ಕೆ ಸಿಗುತ್ತಿದ್ದರೆ, ಅಸಲನ್ನೋ ಖರ್ಚನ್ನೋ ಇಳಿಸಬೇಕಾಗುತ್ತದೆ. ಯೂರಿಯಾದಂತೆ ಸರಕಾರ ಗರಿಷ್ಠ ಬೆಲೆ ನಿಗದಿ ಮಾಡಿದ ಮಾಲಿಗೆ ಈ ಲೆಕ್ಕದಿಂದ ಬೆಲೆ ಏರಿಸಲು ಬರುವುದಿಲ್ಲ.

ತಿಂಗಳ ಕೊನೆಗೆ ನಿಮ್ಮ ವಹಿಯನ್ನು ಹೀಗೆ ಪರೀಕ್ಷಿಸಿರಿ: ಮೊದಲಿದ್ದ ಮಾಲಿನ ಅಸಲಿಗೆ ಹೊಸ ಖರೀದಿ ಕೂಡಿಸಿ, ಉಳಿದ ಮಾಲಿನ ಅಸಲು ಕಳೆಯಿರಿ. ಬಂದದ್ದನ್ನು ಮಾರಾಟದಿಂದ ಕಳೆದು, ಉಳಿದದ್ದು ಮಾರಾಟದ ಶೇಕಡಾ ಎಷ್ಟೆಂದು ನೋಡಿರಿ. 25 ಇರಬೇಕಾದಲ್ಲಿ 20 ಬಂದರೆ, ಬೆಲೆಯನ್ನು ಅಸಲಿನ ಮೇಲೆ ಕಟ್ಟಿದ್ದೀರೆಂದು ತಿಳಿಯಿರಿ. ಅದಕ್ಕಿಂತಲೂ ಕಡಿಮೆ ಬಂದರೆ ತೂಕ ಮತ್ತು ರಿಯಾಯಿತಿಗಳನ್ನೂ ತಪಾಸಣೆ ಮಾಡಿರಿ.